ಮೈನಸ್ ಕನ್ನಡಕದ ಹಿಂದಿನ ಕಣ್ಣು: ಕೆಳಗಿನ ಕಾಡಿಗೆಯೋ, ಮೇಲಿನ ಗೆರೆಯೋ?

ನನ್ನ ಎರಡೂ ಕಣ್ಣುಗಳ ಪವರ್ ಮೈನಸ್ 6. ನನಗೆ ದೂರದ್ದನ್ನು ಸ್ಪಷ್ಟವಾಗಿ ತೋರಿಸುವ ಮಸೂರವೇ ಎದುರಿಗೆ ನಿಂತವರಿಗೆ ನನ್ನ ಕಣ್ಣನ್ನು ಚಿಕ್ಕದಾಗಿ ತೋರಿಸುತ್ತದೆ. ಮಸೂರವು ಕಣ್ಣಿನಿಂದ 12 ಮಿಲಿಮೀಟರ್ ದೂರದಲ್ಲಿದ್ದರೆ ಈ ಪವರಿನಲ್ಲಿ ಕಣ್ಣು ಸುಮಾರು ಶೇಕಡ 7ರಷ್ಟು ಕುಗ್ಗಿದಂತೆ ಕಾಣುತ್ತದೆ. ಹೆಚ್ಚು ಹಣ ಕೊಟ್ಟು ತೆಳು ಮಸೂರ ಹಾಕಿಸಿಕೊಂಡರೆ ಅಂಚಿನ ದಪ್ಪ ಕಡಿಮೆಯಾಗುತ್ತದೆಯೇ ಹೊರತು ಈ ಕುಗ್ಗುವಿಕೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ಕನ್ನಡಕವನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಕೂರಿಸಿದರೆ ಸ್ವಲ್ಪ ವಾಸಿ. ಆದರೆ ಆಗ ರೆಪ್ಪೆಗೂದಲು ಗಾಜಿಗೆ ತಾಗುತ್ತದೆ. ಇದರ ಮೇಲೆ ನಾನು ಧರಿಸುವುದು ದಪ್ಪನೆಯ ಕಪ್ಪು ಫ್ರೇಮ್.

ಹಾಗಾಗಿ ಮೂರು ವಾರಗಳ ಕಾಲ ಒಂದು ಕಣ್ಣಿಗೆ ಒಂದು ವಿಧಾನ, ಇನ್ನೊಂದಕ್ಕೆ ಮತ್ತೊಂದು ವಿಧಾನ ಎಂದು ಪ್ರಯೋಗ ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಹಚ್ಚಿಕೊಂಡು, ಕಿಟಕಿಯ ಬೆಳಕಿನಲ್ಲಿ ಆರು ಅಡಿ ದೂರದಿಂದ ತಂಗಿಯ ಕೈಯಲ್ಲಿ ಫೋಟೊ ತೆಗೆಸಿ, ಸಂಜೆ ಐದಕ್ಕೆ ಮನೆಗೆ ಬಂದ ಮೇಲೆ ಅದೇ ಜಾಗದಲ್ಲಿ ಮತ್ತೆ ತೆಗೆಸುತ್ತಿದ್ದೆ. ನಾನಿರುವುದು ಮಂಗಳೂರಿನಲ್ಲಿ, ಇಲ್ಲಿನ ಸೆಕೆಯೂ ಈ ಪ್ರಯೋಗದ ಒಂದು ಭಾಗವೆಂದೇ ಎಣಿಸಬೇಕು.

ಮೊದಲ ಸ್ಪರ್ಧೆ ಕೆಳರೆಪ್ಪೆಯ ಒಳಅಂಚಿಗೆ ಹಚ್ಚುವ ಕಾಡಿಗೆಗೂ ಮೇಲ್ರೆಪ್ಪೆಯ ಗೆರೆಗೂ ನಡುವಿನದು. ಚಿಕ್ಕಂದಿನಿಂದ ನಾನು ಕಂಡದ್ದು ಕೆಳಗಿನ ಕಾಡಿಗೆಯನ್ನೇ, ಅದಿಲ್ಲದ ದಿನ ಅಮ್ಮ “ಜ್ವರ ಬಂದಿದೆಯಾ?” ಎಂದು ಕೇಳುತ್ತಿದ್ದರು. ಆದರೆ ಫೋಟೊ ಬೇರೆಯದನ್ನೇ ಹೇಳಿತು. ಕಣ್ಣಿನ ಬಿಳಿಭಾಗಕ್ಕೂ ಕೆಳಗಿನ ಕೂದಲಿಗೂ ನಡುವೆ ಇರುವ ತೇವದ ನಸುಗೆಂಪು ಅಂಚು ದೂರದಿಂದ ನೋಡುವವರಿಗೆ ಕಣ್ಣಿನ ತೆರವಿನ ಭಾಗವಾಗಿಯೇ ತೋರುತ್ತದೆ. ಅದನ್ನು ಕಪ್ಪಾಗಿಸಿದಾಗ ಮೊದಲೇ ಕುಗ್ಗಿದ ಕಣ್ಣಿನ ಎತ್ತರ ಇನ್ನಷ್ಟು ಕಡಿಮೆಯಾಯಿತು. ಅದರ ಕೆಳಗೆ ಫ್ರೇಮಿನ ಕಪ್ಪು ಅಂಚು ಇನ್ನೊಂದು ಗೆರೆಯಾಗಿ ಬಂದು, ಎರಡು ಗೆರೆಗಳ ನಡುವಿನ ಚರ್ಮ ಬಾಡಿದಂತೆ ಕಂಡಿತು. ಸಂಜೆಯ ವೇಳೆಗೆ ಕಾಡಿಗೆ ಕೆಳಗಿಳಿದು, ಫ್ರೇಮಿನ ನೆರಳು ಬೀಳುವ ಜಾಗದಲ್ಲೇ ಕೂತು, ನಿದ್ದೆಗೆಟ್ಟವಳ ಮುಖವನ್ನು ಕೊಟ್ಟಿತು. ತುಪ್ಪ ಬೆರೆಸಿ ಮಾಡಿದ ಮನೆಯ ಕಾಡಿಗೆಯಂತೂ ಮಧ್ಯಾಹ್ನಕ್ಕೇ ಇಳಿದಿತ್ತು. ಪೆನ್ಸಿಲ್ ಕಾಜಲ್ ಇನ್ನೆರಡು ಗಂಟೆ ಹೆಚ್ಚು ನಿಂತಿತು, ಅಷ್ಟೇ.

ಇನ್ನೊಂದು ಕಣ್ಣಿನಲ್ಲಿ ಕೆಳಗೇನೂ ಹಚ್ಚದೆ, ಮೇಲಿನ ಕೂದಲಿನ ಬುಡಗಳ ನಡುವಿನ ಖಾಲಿ ಜಾಗಗಳನ್ನು ಪೆನ್ಸಿಲಿನಿಂದ ಚುಕ್ಕೆಚುಕ್ಕೆಯಾಗಿ ತುಂಬಿ, ಹೊರಗಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ ಗೆರೆಯನ್ನು ದಪ್ಪವಾಗಿಸಿ, ತುದಿಯನ್ನು ಎರಡು ಮಿಲಿಮೀಟರಿನಷ್ಟು ಮೇಲಕ್ಕೆ ಎಳೆದೆ. ಆರು ಅಡಿ ದೂರದಿಂದ ಗೆರೆ ಗೆರೆಯಾಗಿ ಕಾಣಲಿಲ್ಲ; ಕೂದಲೇ ದಟ್ಟವಾಗಿದೆ ಎನಿಸಿತು, ಕಣ್ಣು ತೆರೆದಂತೆ ಕಂಡಿತು. ಬಾಲವನ್ನು ಐದು ಮಿಲಿಮೀಟರಿಗೆ ಬೆಳೆಸಿದ ದಿನ ಮಾತ್ರ ಸೋತೆ: ಪಕ್ಕದಿಂದ ನೋಡಿದವರಿಗೆ ಅದು ಮಸೂರದ ದಪ್ಪ ಅಂಚಿನಲ್ಲಿ ತುಂಡಾಗಿ ಕಾಣುತ್ತಿತ್ತು. ಗೆರೆಯ ದಪ್ಪವನ್ನು ಫ್ರೇಮಿಗೆ ತಕ್ಕಂತೆ ಇಡಬೇಕು ಎಂಬುದೂ ಹೀಗೆಯೇ ಗೊತ್ತಾಯಿತು. ನನ್ನ ಹಳೆಯ ಸಣ್ಣ ಲೋಹದ ಫ್ರೇಮಿನ ಹಿಂದೆ ಕಂದು ಬಣ್ಣದ ತೆಳು ಗೆರೆ ಸಾಕಾಗುತ್ತಿತ್ತು. ಕಪ್ಪು ಫ್ರೇಮಿನ ಹಿಂದೆ ಅದೇ ಗೆರೆ ಇದ್ದೂ ಇಲ್ಲದಂತಾಯಿತು.

ಕೆಳಗೆ ಏನಾದರೂ ಬೇಕೇ ಬೇಕು ಎನ್ನುವವರಿಗಾಗಿ ಒಳಅಂಚಿಗೆ ಚರ್ಮದ ಬಣ್ಣದ ಪೆನ್ಸಿಲನ್ನೂ ನೋಡಿದೆ. ಕಣ್ಣು ನಿಜಕ್ಕೂ ದೊಡ್ಡದಾಗಿ ಕಂಡಿತು. ಅಚ್ಚ ಬಿಳಿಯ ಪೆನ್ಸಿಲ್ ಮಾತ್ರ ನಮ್ಮ ಮೈಬಣ್ಣದ ಮೇಲೆ ವೇಷದ ಬಣ್ಣದಂತೆ ಎದ್ದು ನಿಲ್ಲುತ್ತದೆ. ಬಣ್ಣ ಯಾವುದೇ ಇರಲಿ, ಕಣ್ಣೀರಿಗೆ ಎಣ್ಣೆಯ ಪದರ ಕೊಡುವ ಸಣ್ಣ ಗ್ರಂಥಿಗಳ ಬಾಯಿ ಇರುವುದು ಈ ಅಂಚಿನಲ್ಲೇ. ಕಣ್ಣು ಒಣಗುವ ತೊಂದರೆ ಇರುವವರು ಇಲ್ಲಿ ಪೆನ್ಸಿಲ್ ಆಡಿಸದಿರುವುದೇ ಒಳ್ಳೆಯದು.

ಎರಡನೆಯ ಸ್ಪರ್ಧೆ ಮಸ್ಕಾರಗಳದ್ದು. ಉದ್ದ ಹೆಚ್ಚಿಸುವ ಮಸ್ಕಾರವು ಕನ್ನಡಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು, ಕನ್ನಡಕ ಹಾಕಿದ ಕೂಡಲೇ ಎಲ್ಲಕ್ಕಿಂತ ಕೆಟ್ಟದ್ದಾಯಿತು. ಪ್ರತಿ ಸಲ ರೆಪ್ಪೆ ಬಡಿದಾಗಲೂ ಕೂದಲಿನ ತುದಿ ಗಾಜಿಗೆ ತಾಗಿ, ಹತ್ತು ಗಂಟೆಯ ಹೊತ್ತಿಗೆ ಮಸೂರದ ಒಳಮೈಯಲ್ಲಿ ಸಣ್ಣ ಕಪ್ಪು ಗೀರುಗಳ ಸಾಲು ಮೂಡಿತ್ತು. ಅದನ್ನು ಬಟ್ಟೆಯಿಂದ ಒರೆಸಿದರೆ ಹರಡಿ ಮಂಜು ಕವಿದಂತಾಗುತ್ತದೆ; ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದರೆ ಮಾತ್ರ ಹೋಗುತ್ತದೆ. ಅದಕ್ಕೆ ಎದುರಾಗಿ ಬಳಸಿದ ಟ್ಯೂಬಿಂಗ್ ಮಸ್ಕಾರ ಒಣಗಿದಾಗ ಪ್ರತಿಯೊಂದು ಕೂದಲಿಗೂ ಪಾಲಿಮರಿನ ಕವಚ ತೊಡಿಸುವಂಥದ್ದು. ಚರ್ಮದ ಜಿಡ್ಡಿಗೂ ಬೆವರಿಗೂ ಅದು ಕರಗುವುದಿಲ್ಲ; ರಾತ್ರಿ ಬೆಚ್ಚಗಿನ ನೀರಿನಲ್ಲಿ ನೆನೆಸಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿಟ್ಟರೆ ಸಣ್ಣ ಎಳೆಗಳಾಗಿ ಕಳಚಿ ಬರುತ್ತದೆ. ದಟ್ಟವಾಗಿ ಕಾಣಿಸುವುದರಲ್ಲಿ ಅದು ಸ್ವಲ್ಪ ಹಿಂದೆ, ಆದರೆ ಮಂಗಳೂರಿನ ಸಂಜೆ ಐದಕ್ಕೂ ನನ್ನ ಗಾಜು ಶುಭ್ರವಾಗಿತ್ತು. ಮಸ್ಕಾರಕ್ಕೆ ಮೊದಲು ಕರ್ಲರಿನಲ್ಲಿ ಕೂದಲನ್ನು ಬುಡದ ಹತ್ತಿರ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದರೆ, ಮುಂದಕ್ಕೆ ಚಾಚಿದ ಕೂದಲು ಮೇಲಕ್ಕೆ ಬಾಗಿ ಗಾಜಿನಿಂದ ದೂರ ಸರಿಯುತ್ತದೆ. ಮಸ್ಕಾರ ಹಚ್ಚಿದ ಮೇಲೆ ಕರ್ಲರ್ ಹಾಕಬಾರದು. ಕೂದಲು ಅಂಟಿಕೊಂಡು ಕಿತ್ತುಬರುತ್ತದೆ.

ಹುಬ್ಬಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ನನ್ನ ಫ್ರೇಮಿನ ಮೇಲಂಚು ಅದರ ಅರ್ಧವನ್ನು ಮುಚ್ಚುವುದರಿಂದ ತುದಿಯನ್ನಷ್ಟೇ ತುಂಬಿ ಬಿಡುತ್ತೇನೆ.

ಹಚ್ಚಿಕೊಳ್ಳುವ ಕಷ್ಟವನ್ನೂ ಇಲ್ಲಿ ಹೇಳಬೇಕು. ಕನ್ನಡಕ ತೆಗೆದರೆ ನನಗೆ ಸ್ಪಷ್ಟವಾಗಿ ಕಾಣುವುದು ಸುಮಾರು 16 ಸೆಂಟಿಮೀಟರ್ ದೂರದವರೆಗೆ ಮಾತ್ರ. ಕನ್ನಡಿಯಲ್ಲಿನ ಬಿಂಬವು ಕನ್ನಡಿ ಎಷ್ಟು ದೂರವಿದೆಯೋ ಅಷ್ಟೇ ಅದರ ಹಿಂದೆ ಇರುವುದರಿಂದ, ನಾನು ಕೈಗನ್ನಡಿಯನ್ನು 8 ಸೆಂಟಿಮೀಟರಿಗಿಂತ ಹತ್ತಿರ ಹಿಡಿಯಬೇಕು. ಬಚ್ಚಲಿನ ಗೋಡೆಗನ್ನಡಿ ಉಪಯೋಗಕ್ಕೆ ಬಾರದು. ದೊಡ್ಡದಾಗಿ ತೋರಿಸುವ ಕನ್ನಡಿಯಾದರೂ ಸಹಾಯಕ್ಕೆ ಬರಬಹುದೆಂದು ಕೊಂಡು ತಂದೆ. ಅದು ಬಿಂಬವನ್ನು ದೊಡ್ಡದು ಮಾಡುವ ಜೊತೆಗೆ ಇನ್ನೂ ಹಿಂದಕ್ಕೆ ತಳ್ಳುವುದರಿಂದ, ನನಗೆ ಕಂಡದ್ದು ದೊಡ್ಡದಾದ ಮಸುಕು.

ಅದೇ ಕನ್ನಡಿ ಅಮ್ಮನಿಗೆ ಒದಗಿತು. ಅವರದು ಪ್ಲಸ್ 3.5, ಅವರ ಮಸೂರ ಕಣ್ಣನ್ನು ಶೇಕಡ 4ರಷ್ಟು ದೊಡ್ಡದಾಗಿಯೇ ತೋರಿಸುತ್ತದೆ, ಜೊತೆಗೆ ಹರಡಿದ ಕಾಡಿಗೆಯನ್ನೂ, ಉಂಡೆಗಟ್ಟಿದ ಮಸ್ಕಾರವನ್ನೂ. ನನ್ನ ದಪ್ಪ ಗೆರೆಯನ್ನು ಅವರ ಮೇಲೆ ಪ್ರಯೋಗಿಸಿದಾಗ ಕಣ್ಣು ಮುಂದಕ್ಕೆ ಉಬ್ಬಿದಂತೆ ಕಂಡಿತು. ಕೊನೆಗೆ ಅವರಿಗೆ ಹೊಂದಿದ್ದು ನಾನು ಬಿಟ್ಟದ್ದೇ: ಕೆಳಗೆ ತೆಳುವಾದ ಕಾಡಿಗೆ, ಮೇಲೆ ಏನೂ ಇಲ್ಲ.