ವಿಪಿಎನ್‌ನ ಡೆಡಿಕೇಟೆಡ್ ಐಪಿ: ಎರಡು ವರ್ಷ ಬಳಸಿದ ಮೇಲೆ ಹೇಳುವುದು

ವಿಪಿಎನ್ ಚಂದಾದ ಮೇಲೆ ತಿಂಗಳಿಗೆ ಇನ್ನೂ ಕೆಲವು ನೂರು ರೂಪಾಯಿ ಕೊಟ್ಟು ಡೆಡಿಕೇಟೆಡ್ ಐಪಿ, ಅಂದರೆ ನಮ್ಮೊಬ್ಬರಿಗೇ ಮೀಸಲಾದ ಬದಲಾಗದ ಅಡ್ರೆಸ್ಸು, ತಗೊಳ್ಳಬೇಕಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಆ ಕಡೆ ಯಾರಾದರೂ ನಿಮ್ಮ ಐಪಿ ಅಡ್ರೆಸ್ಸನ್ನು ಒಂದು ಪಟ್ಟಿಯಲ್ಲಿ ಹಾಕಿಕೊಂಡು, ಅದರಿಂದ ಬಂದವರನ್ನು ಮಾತ್ರ ಒಳಗೆ ಬಿಡುತ್ತಾರಾ? ಇಲ್ಲ ಅಂದರೆ ಆ ದುಡ್ಡು ಉಳಿಸಿ. ಹೌದು ಅಂದರೆ ಈ ವಿಮರ್ಶೆ ನಿಮಗೆ.

ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ಪುಣೆಯ ಒಂದು ಕಂಪನಿಯ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ಮುಖ್ಯ ಕೆಲಸ. ಸರ್ವರ್ ಇರುವುದು ಮುಂಬೈನ ಡೇಟಾ ಸೆಂಟರ್‌ನಲ್ಲಿ. ಅವರ ನಿಯಮ ಸರಳ: ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಬಾಗಿಲು, ಅಂದರೆ ಪೋರ್ಟ್ 22, ವೈಟ್‌ಲಿಸ್ಟ್‌ನಲ್ಲಿರುವ ಅಡ್ರೆಸ್‌ಗೆ ಮಾತ್ರ ತೆರೆದಿರುತ್ತದೆ.

ನನ್ನ ಮನೆಯ ಫೈಬರ್ ಲೈನಿಗೆ ಸ್ವಂತ ಪಬ್ಲಿಕ್ ಐಪಿ ಇಲ್ಲ. ರೌಟರ್‌ನ ಸ್ಟೇಟಸ್ ಪುಟದಲ್ಲಿ ಕಾಣುವುದು 100.64 ರಿಂದ ಶುರುವಾಗುವ ಅಡ್ರೆಸ್ಸು. ಹಾಗೆ ಕಂಡರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ ಅಂತ ಅರ್ಥ. ಒಂದೇ ಪಬ್ಲಿಕ್ ಅಡ್ರೆಸ್ಸನ್ನು ಕಂಪನಿ ಬಹಳ ಮನೆಗಳಿಗೆ ಹಂಚಿರುತ್ತದೆ. ಅದು ಯಾವಾಗ ಬದಲಾಗುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ವಿಪಿಎನ್ ಹಾಕಿಕೊಂಡೆ. ಮೊದಲು ಎಲ್ಲರಂತೆ ಶೇರ್ಡ್ ಅಡ್ರೆಸ್ಸಿನ ಮಾಮೂಲಿ ಪ್ಲಾನು.

ಶೇರ್ಡ್ ಐಪಿಯಲ್ಲಿ ಕಾಡಿದ್ದು ಎರಡು. ಒಂದು, ಕನೆಕ್ಷನ್ ಕಡಿದು ಮತ್ತೆ ಸೇರಿದರೆ ಅದೇ ಊರಿನ ಬೇರೆ ಸರ್ವರ್ ಸಿಗುತ್ತದೆ, ಅಡ್ರೆಸ್ಸೂ ಬೇರೆ. ಪುಣೆಯಲ್ಲಿ ಫೈರ್‌ವಾಲ್ ನೋಡಿಕೊಳ್ಳುವವರು ನಮ್ಮ ಧಾರವಾಡದ ಕಡೆಯವರೇ. ನನ್ನ ಮೆಸೇಜ್ ಕಂಡ ಕೂಡಲೇ "ಏನ್ರೀ, ಇವತ್ತ ಮತ್ತ ಬ್ಯಾರೆ ಅಡ್ರೆಸ್ಸಾ?" ಅನ್ನುತ್ತಿದ್ದರು. ಪಾಪ, ಒಂದೊಂದೇ ಸೇರಿಸುತ್ತಾ ಹೋದರು. ಕೊನೆಗೆ ಆ ಪಟ್ಟಿ ಅರ್ಥ ಕಳೆದುಕೊಂಡಿತು. ಅದರಲ್ಲಿದ್ದ ಒಂದೊಂದು ಅಡ್ರೆಸ್ಸನ್ನೂ ಅದೇ ವಿಪಿಎನ್‌ನ ಯಾವ್ಯಾವುದೋ ಗಿರಾಕಿಗಳು ಬಳಸುತ್ತಿದ್ದರಲ್ಲ. ವಠಾರದ ಎಲ್ಲ ಮನೆಗೂ ಒಂದೇ ಡೋರ್ ನಂಬರ್ ಇದ್ದಹಾಗೆ. ಒಬ್ಬರನ್ನು ನಂಬಿ ಬಾಗಿಲು ತೆಗೆದರೆ ಎಲ್ಲರಿಗೂ ತೆಗೆದಂತೆ.

ಎರಡನೆಯದು ಇದರಿಂದಲೇ ಹುಟ್ಟಿದ್ದು. ಒಂದು ದಿನ ಬೆಳಿಗ್ಗೆ ಲಾಗಿನ್ ಆಗಲು ಹೋದರೆ `Connection refused`. ಹಿಂದಿನ ಸಂಜೆ ಅದೇ ಅಡ್ರೆಸ್ಸಿನಿಂದ ಕೆಲಸ ಮಾಡಿದ್ದೆ, ಅದು ಪಟ್ಟಿಯಲ್ಲೂ ಇತ್ತು. ಪುಣೆಯವರು ಲಾಗ್ ತೆಗೆದು ನೋಡಿದರೆ, ಅದೇ ಶೇರ್ಡ್ ಅಡ್ರೆಸ್ಸಿನಿಂದ ಯಾರೋ `admin`, `test` ಅಂತ ಸಿಕ್ಕ ಸಿಕ್ಕ ಹೆಸರು ಹಾಕಿ ಬಾಗಿಲು ತಟ್ಟಿದ್ದರು. ಸರ್ವರ್‌ನಲ್ಲಿದ್ದ fail2ban ತನ್ನ ಕೆಲಸ ಮಾಡಿತ್ತು. ಯಾರೂ ಸೆಟ್ಟಿಂಗ್ ಮುಟ್ಟದಿದ್ದರೆ ಅದು ಹತ್ತು ನಿಮಿಷದೊಳಗೆ ಐದು ಸಲ ಲಾಗಿನ್ ತಪ್ಪಿದ ಅಡ್ರೆಸ್ಸನ್ನು ಹತ್ತು ನಿಮಿಷ ಹೊರಗಿಡುತ್ತದೆ. ಪುಣೆಯವರು ಅದನ್ನು ಒಂದು ದಿನಕ್ಕೆ ಏರಿಸಿದ್ದರು. ತಟ್ಟಿದವರು ಯಾರೋ, ಹೊರಗೆ ನಿಂತವನು ನಾನು. ಪೋರ್ಟ್ 22 ಬೀದಿಯವರಿಗೆಲ್ಲ ಮುಚ್ಚಿದ್ದರೂ ಅವರು ಅಲ್ಲಿಯವರೆಗೆ ಬಂದದ್ದು ಹೇಗೆ? ನನಗಾಗಿ ತೆಗೆದ ಕಿಂಡಿಯಿಂದಲೇ.

ಆ ವಾರವೇ ಡೆಡಿಕೇಟೆಡ್ ಐಪಿಗೆ ಬದಲಾದೆ. ಪುಣೆಯವರು ಹಳೆಯ ಅಡ್ರೆಸ್ಸುಗಳನ್ನೆಲ್ಲ ಅಳಿಸಿ ಸರ್ವರ್‌ನ ಫೈರ್‌ವಾಲ್ ufwಯಲ್ಲಿ ಒಂದೇ ಸಾಲು ಬರೆದರು. ಇಲ್ಲಿ ಉದಾಹರಣೆಯ ಅಡ್ರೆಸ್ ಕೊಟ್ಟಿದ್ದೇನೆ:

```
sudo ufw allow from 203.0.113.45 to any port 22 proto tcp
sudo ufw status numbered
```

ಎರಡನೇ ಸಾಲು ಸುಮ್ನೆ ಹಾಕಿದ್ದಲ್ಲ, ಅದು ಈಗಿರುವ ನಿಯಮಗಳನ್ನೆಲ್ಲ ತೋರಿಸುತ್ತದೆ. ಹೊಸ ನಿಯಮ ಸೇರಿಸಿದರೂ `22/tcp ALLOW IN Anywhere` ಅನ್ನುವ ಹಳೆಯ ನಿಯಮ ಉಳಿದಿದ್ದರೆ ಬಾಗಿಲು ಊರಿಗೆಲ್ಲ ತೆರೆದೇ ಇರುತ್ತದೆ. ಹೊಸ ಬಗೆಯ ಅಡ್ರೆಸ್ಸಾದ ಐಪಿವಿ6ಕ್ಕೆ ಅದರದೇ ಬೇರೆ ಸಾಲು ಕಾಣುತ್ತದೆ, ಅದನ್ನೂ ಅಳಿಸಬೇಕು.

ಅಲ್ಲಿಂದ ಇಲ್ಲಿಯವರೆಗೆ ಅಡ್ರೆಸ್ ಬದಲಾಗಿಲ್ಲ. ಇದರ ನಿಜವಾದ ಬೆಲೆ ಗೊತ್ತಾಗುವುದು ನಮ್ಮೂರಿನ ಮಳೆಗಾಲದಲ್ಲಿ. ಜೂನ್ ಶುರುವಾದರೆ ಮರದ ಕೊಂಬೆ ಬಿದ್ದು ಫೈಬರ್ ಕಡಿಯುವುದು, ಕರೆಂಟ್ ಹೋಗುವುದು ಮಾಮೂಲು. ಆಗ ಮೊಬೈಲ್ ಹಾಟ್‌ಸ್ಪಾಟ್‌ಗೆ ಹೋಗುತ್ತೇನೆ. ಇಂಟರ್ನೆಟ್ ಕಂಪನಿಯೇ ಬದಲಾಗಿದೆ, ಆದರೆ ವಿಪಿಎನ್ ಹಾಕಿದ ಮೇಲೆ ಮುಂಬೈನ ಸರ್ವರ್‌ಗೆ ಕಾಣುವುದು ಅದೇ 203.0.113.45. ಬಾಗಲಕೋಟೆಯಲ್ಲಿ ಅಕ್ಕನ ಮನೆಗೆ ಹೋದಾಗ ಅವರ ವೈಫೈನಿಂದಲೂ ಅದೇ. ಅಡ್ರೆಸ್ಸು ಲೈನಿಗೆ ಅಂಟಿಕೊಂಡಿಲ್ಲ, ನನ್ನ ಖಾತೆಗೆ ಅಂಟಿಕೊಂಡಿದೆ.

ಹಾಗಾದರೆ ಫೈಬರ್ ಕಂಪನಿಯ ಹತ್ತಿರವೇ ಸ್ಟ್ಯಾಟಿಕ್ ಐಪಿ, ಅಂದರೆ ಆ ಲೈನಿಗೇ ಬದಲಾಗದ ಅಡ್ರೆಸ್ಸು, ತಗೊಂಡರಾಗದಾ? ಒಂದೇ ಜಾಗದಲ್ಲಿ ಕೂತು ಕೆಲಸ ಮಾಡುವವರಿಗೆ ಅದೇ ಒಳ್ಳೆಯದು. ಉದ್ಯಮಬಾಗದ ಒಂದು ಫೌಂಡ್ರಿಯ ಕಂಪ್ಯೂಟರ್ ಕೆಲಸವನ್ನೂ ನಾನು ಮಾಡುತ್ತೇನೆ. ಅವರ ಆಫೀಸಿಗೆ ಅದನ್ನೇ ಹಾಕಿಸಿದೆ. ಭಾರತದ ಅಡ್ರೆಸ್ಸು, ದಾರಿ ಸುತ್ತುವುದಿಲ್ಲ, ಹೊರಗಿನಿಂದ ಒಳಗೆ ಬರುವ ಕನೆಕ್ಷನ್‌ಗೂ ಆಗುತ್ತದೆ. ಲೈನ್ ಕಡಿದರೆ ಮಾತ್ರ ಅಡ್ರೆಸ್ಸೂ ಹೋಯಿತು.

ಈ "ಒಳಗೆ ಬರುವ ಕನೆಕ್ಷನ್" ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ವಿಜಯಪುರದ ಹತ್ತಿರ ತಿಕೋಟಾದಲ್ಲಿ ನಮ್ಮ ಕಾಕಾ ಅವರದು ದ್ರಾಕ್ಷಿ ತೋಟ. ಒಣದ್ರಾಕ್ಷಿ ಶೆಡ್ಡಿನ ಕ್ಯಾಮೆರಾವನ್ನು ಮನೆಯಿಂದ ನೋಡಬೇಕು ಅಂತ ಅವರು ಫೋನಿನಲ್ಲಿ ಈ ಡೆಡಿಕೇಟೆಡ್ ಐಪಿ ತಗೊಳ್ಳಲು ಹೊರಟಿದ್ದರು. "ಕಾಕಾ, ನಿಮ್ಮ ಕ್ಯಾಮೆರಾಕ್ಕ ಇದು ಉಪಯೋಗಿಲ್ರಿ" ಅಂದೆ. "ಯಾಕೋ, ಫಿಕ್ಸ್ ಅಡ್ರೆಸ್ ಅಂತ ಬರದಾರಲ್ಲ?" ಅಂದರು. ಫಿಕ್ಸ್ ಹೌದು, ಆದರೆ ಅದು ನೀವು ಹೊರಗೆ ಹೋಗುವಾಗ ಕಾಣುವ ಅಡ್ರೆಸ್ಸು. ಫೋನಿನ ಅಡ್ರೆಸ್ ಸ್ಥಿರವಾದರೆ ಶೆಡ್ಡಿನಲ್ಲಿ ಕ್ಯಾಮೆರಾ ದೃಶ್ಯ ಇಟ್ಟುಕೊಳ್ಳುವ ಪೆಟ್ಟಿಗೆಗೆ, ಅಂದರೆ ಡಿವಿಆರ್‌ಗೆ ದಾರಿ ಸಿಗುವುದಿಲ್ಲ. ಡಿವಿಆರ್ ಕಡೆ ಹಾಕಿದರೂ, ಹೊರಗಿನಿಂದ ಬಂದದ್ದನ್ನು ನಿಮ್ಮ ಸಾಧನಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಇಲ್ಲದಿದ್ದರೆ ಹೊರಗಿನಿಂದ ಬಂದದ್ದು ವಿಪಿಎನ್ ಸರ್ವರ್‌ನಲ್ಲೇ ನಿಲ್ಲುತ್ತದೆ. ನಾನು ಬಳಸುವ ಸೇವೆಯಲ್ಲಿ ಅದು ಇಲ್ಲ. ಅವರಿಗೆ ಕ್ಯಾಮೆರಾ ಕಂಪನಿಯ ಆ್ಯಪ್ ಸಾಕಾಯಿತು.

ಈಗ ನನ್ನ ದೂರುಗಳು. ದೊಡ್ಡದು ದಾರಿಯದು. ನನ್ನ ಅಡ್ರೆಸ್ಸು ಸಿಂಗಾಪುರದ್ದು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ವಿಪಿಎನ್ ಕಂಪನಿಗಳು ಗಿರಾಕಿಗಳ ಹೆಸರು, ಅವರಿಗೆ ಕೊಟ್ಟ ಐಪಿ ಮುಂತಾದ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಅಂತ ಬಂತು. ಆಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ಮೂರೂ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ನಾನು ಬಳಸುವ ಕಂಪನಿಯ ಡೆಡಿಕೇಟೆಡ್ ಪಟ್ಟಿಯಲ್ಲೂ ಭಾರತ ಇಲ್ಲ. ಹಾಗಾಗಿ ಬೆಳಗಾವಿಯಿಂದ ಮುಂಬೈಗೆ ಹೋಗಬೇಕಾದ ಮಾತು ಸಿಂಗಾಪುರ ಸುತ್ತಿ ಬರುತ್ತದೆ. ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ಅಕ್ಷರ ಒಂದು ಕ್ಷಣ ತಡವಾಗಿ ಮೂಡುತ್ತದೆ. ರೂಢಿಯಾಗುತ್ತದೆ, ಆದರೆ ಇಷ್ಟವಾಗುವುದಿಲ್ಲ.

ಅಡ್ರೆಸ್ಸು ಸಿಂಗಾಪುರದ್ದು ಅನ್ನುವ ಕಾರಣಕ್ಕೇ ನನ್ನ ಬ್ಯಾಂಕಿನ ಸೈಟು ವಿಪಿಎನ್ ಹಾಕಿದಾಗ ತಕರಾರು ಮಾಡುತ್ತದೆ. ಡೆಡಿಕೇಟೆಡ್ ಆದರೆ ಈ ಕಾಟ ಇರುವುದಿಲ್ಲ ಅಂತ ಜಾಹೀರಾತು ಹೇಳುತ್ತದೆ. ಅರ್ಧ ನಿಜ. "ನೀವು ರೋಬೋ ಅಲ್ಲ ತಾನೇ" ಅನ್ನುವ ಕ್ಯಾಪ್ಚಾ ಬಹಳ ಕಡಿಮೆಯಾಯಿತು, ಯಾಕಂದರೆ ಆ ಅಡ್ರೆಸ್ಸಿನಿಂದ ಈಗ ನಾನೊಬ್ಬನೇ ಹೋಗುತ್ತೇನೆ. ಆದರೆ ಅದು ಡೇಟಾ ಸೆಂಟರ್‌ನ ಅಡ್ರೆಸ್ಸು ಅನ್ನುವುದು ಬದಲಾಗಿಲ್ಲ. ಡೇಟಾ ಸೆಂಟರ್ ಅಡ್ರೆಸ್ ಅಂದರೇನೇ ಬೇಡ ಅನ್ನುವ ಸೈಟುಗಳಿಗೆ ಶೇರ್ಡ್ ಆದರೂ ಒಂದೇ, ಡೆಡಿಕೇಟೆಡ್ ಆದರೂ ಒಂದೇ. ಈಗ ಸ್ಪ್ಲಿಟ್ ಟನೆಲಿಂಗ್ ಹಾಕಿ ಟರ್ಮಿನಲ್ ಮಾತ್ರ ವಿಪಿಎನ್‌ನಲ್ಲಿ ಹೋಗುವಂತೆ ಮಾಡಿದ್ದೇನೆ. ಬ್ರೌಸರ್ ನೇರವಾಗಿ ಮನೆಯ ಲೈನಿನಲ್ಲೇ ಹೋಗುತ್ತದೆ.

ಗುಟ್ಟಾಗಿರಬೇಕು ಅನ್ನುವವರಿಗೆ ಡೆಡಿಕೇಟೆಡ್ ಐಪಿ ತದ್ವಿರುದ್ಧ. ಶೇರ್ಡ್ ಅಡ್ರೆಸ್ಸಿನಲ್ಲಿ ಗುಂಪಿನಲ್ಲಿ ಒಬ್ಬರಾಗಿರುತ್ತೀರಿ. ಇಲ್ಲಿ ಆ ಅಡ್ರೆಸ್ಸಿನಿಂದ ನಡೆದದ್ದೆಲ್ಲ ನಿಮ್ಮದೇ ಅಂತ ಯಾರು ಬೇಕಾದರೂ ಜೋಡಿಸಬಹುದು. ನನಗೆ ಅದು ಬೇಕಾಗಿಯೇ ತಗೊಂಡಿದ್ದು.

ಕೆಲಸ ಮಾಡದಾಗ ತಪ್ಪು ಎಲ್ಲಿ ಅಂತ ತಿಳಿಯಲು ನಾನು ನೋಡುವುದು ಪರದೆಯ ಮೇಲಿನ ಮಾತನ್ನು. `Connection timed out` ಬಂದರೆ ಬಹುಮಟ್ಟಿಗೆ ಫೈರ್‌ವಾಲ್ ನನ್ನನ್ನು ಗುರುತಿಸಿಲ್ಲ, ಅಂದರೆ ನಾನು ಬೇರೆ ಅಡ್ರೆಸ್ಸಿನಿಂದ ಹೋಗುತ್ತಿದ್ದೇನೆ. `Permission denied (publickey)` ಬಂದರೆ ಅಡ್ರೆಸ್ ಸರಿಯಿದೆ, ಬಾಗಿಲವರೆಗೆ ಮುಟ್ಟಿದ್ದೇನೆ, ಕೀ ಅಥವಾ ಯೂಸರ್ ಹೆಸರು ತಪ್ಪು. ಮೊದಲನೆಯದು ಬಂದರೆ, ಹೊರಗಿನವರಿಗೆ ನನ್ನ ಯಾವ ಅಡ್ರೆಸ್ ಕಾಣುತ್ತಿದೆ ಅಂತ ನೋಡಲು ಅದೇ ಟರ್ಮಿನಲ್‌ನಲ್ಲಿ ಇವೆರಡು:

```
curl -4 ifconfig.me
curl -6 ifconfig.me
```

ಮೊದಲನೆಯದಕ್ಕೆ ನನ್ನ ಸ್ಥಿರ ಅಡ್ರೆಸ್ ಬರಬೇಕು. ಎರಡನೆಯದಕ್ಕೆ ಯಾವ ಅಡ್ರೆಸ್ಸೂ ಬರಬಾರದು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇದೇ ಜಾಸ್ತಿ ಕೈಕೊಡುತ್ತದೆ. ಮೊಬೈಲ್ ನೆಟ್‌ವರ್ಕ್ ಐಪಿವಿ6 ಕೊಟ್ಟಿರುತ್ತದೆ. ವಿಪಿಎನ್ ಐಪಿವಿ4 ಅನ್ನು ಮಾತ್ರ ಹೊತ್ತು, ಐಪಿವಿ6 ಅನ್ನು ತಡೆಯದೆ ಬಿಟ್ಟರೆ, ಸರ್ವರ್ ಹೆಸರಿಗೆ ಐಪಿವಿ6 ಅಡ್ರೆಸ್ಸೂ ಇದ್ದಲ್ಲಿ ಲ್ಯಾಪ್‌ಟಾಪ್ ಆ ದಾರಿಯನ್ನೇ ಮೊದಲು ಹಿಡಿಯುತ್ತದೆ. ವಿಪಿಎನ್ ಆ್ಯಪ್‌ನಲ್ಲಿ ಹಸಿರು ಗುರುತು ಉರಿಯುತ್ತಲೇ ಇರುತ್ತದೆ, ಲಾಗಿನ್ ಮಾತ್ರ ಬಹಳ ಹೊತ್ತು ಆಗುವುದಿಲ್ಲ. `ssh -4` ಅಂತ ಕೊಟ್ಟರೆ ತಕ್ಷಣ ಒಳಗೆ ಹೋಗುತ್ತೇನೆ. ಈಗ ಆ್ಯಪ್‌ನಲ್ಲೇ ಐಪಿವಿ6 ಬಂದ್ ಮಾಡಿಟ್ಟಿದ್ದೇನೆ.

ಇನ್ನೊಂದು ಭಯ: ಆ ಒಂದೇ ವಿಪಿಎನ್ ಸರ್ವರ್ ಮಲಗಿದರೆ? ಶೇರ್ಡ್ ಆದರೆ ಇನ್ನೊಂದಕ್ಕೆ ಹಾರಬಹುದು, ಇಲ್ಲಿ ಹಾರಲು ಜಾಗ ಇಲ್ಲ. ಒಮ್ಮೆ ಅರ್ಧ ದಿನ ಹಾಗಾಯಿತು. ಅದಕ್ಕೇ ಪುಣೆ ಆಫೀಸಿನ ಸ್ಟ್ಯಾಟಿಕ್ ಐಪಿಯನ್ನೂ ಪಟ್ಟಿಯಲ್ಲಿಟ್ಟಿದ್ದೇವೆ. ಕ್ಲೌಡ್ ಕಂಪನಿಯ ವೆಬ್ ಕನ್ಸೋಲ್‌ನಿಂದ ಫೈರ್‌ವಾಲ್ ಬದಲಿಸುವ ದಾರಿಯೂ ಇದೆ.

ಬೆಲೆ ಜಾಸ್ತಿಯಾ? ಐಪಿವಿ4 ಅಡ್ರೆಸ್ಸೇ ಈಗ ದುಡ್ಡಿನ ಮಾಲು. ಜಾಗತಿಕ ಹಂಚಿಕೆ ಮಾಡುವ ಐಎಎನ್‌ಎ ಹತ್ತಿರದ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿಯಿತು. ಅಮೆಜಾನ್ ಕ್ಲೌಡ್ 2024ರ ಫೆಬ್ರವರಿಯಿಂದ ಪ್ರತಿ ಪಬ್ಲಿಕ್ ಐಪಿವಿ4ಗೆ ಗಂಟೆಗೆ 0.005 ಡಾಲರ್ ಹಾಕುತ್ತಿದೆ, ತಿಂಗಳಿಗೆ ಸುಮಾರು ಮೂರೂವರೆ ಡಾಲರ್. ಅದಕ್ಕೆ ಹೋಲಿಸಿದರೆ ವಿಪಿಎನ್‌ನವರು ಕೇಳುವುದು ಅನ್ಯಾಯ ಅನ್ನಿಸುವುದಿಲ್ಲ. ಕೆಲಸ ಗೊತ್ತಿದ್ದವರು ಮುಂಬೈನಲ್ಲೇ ಒಂದು ಸಣ್ಣ ಸರ್ವರ್ ಬಾಡಿಗೆಗೆ ಹಿಡಿದು ವೈರ್‌ಗಾರ್ಡ್ ಅನ್ನುವ ವಿಪಿಎನ್ ಸಾಫ್ಟ್‌ವೇರ್ ಹಾಕಿಕೊಂಡರೆ ಸಿಂಗಾಪುರದ ಸುತ್ತೂ ತಪ್ಪುತ್ತದೆ. ಆದರೆ ಅದರ ಅಪ್‌ಡೇಟು, ಕಾವಲು ಎಲ್ಲ ನಮ್ಮ ತಲೆಗೆ. ನನಗೆ ಇನ್ನೊಂದು ಸರ್ವರ್ ಸಾಕುವ ಆಸೆ ಇಲ್ಲ.

ಚಂದಾ ಬಿಡುವ ಮುಂಚೆ ಆ ಅಡ್ರೆಸ್ಸನ್ನು ಎಲ್ಲ ವೈಟ್‌ಲಿಸ್ಟ್‌ಗಳಿಂದ ತೆಗೆಸಿ. ಚಂದಾ ಮುಗಿದ ಮೇಲೆ ಕಂಪನಿ ಅದನ್ನು ಇನ್ನೊಬ್ಬ ಗಿರಾಕಿಗೆ ಕೊಡಬಹುದು. ಪಟ್ಟಿಯಲ್ಲಿ ಉಳಿದಿದ್ದರೆ ಫೈರ್‌ವಾಲ್ ಅವರನ್ನು ನೀವೇ ಅಂದುಕೊಂಡು ಬಾಗಿಲವರೆಗೆ ಬಿಡುತ್ತದೆ. ನಾನು ನವೀಕರಣದ ದಿನಕ್ಕೆ ಒಂದು ವಾರ ಮುಂಚೆ ಫೋನಿನಲ್ಲಿ ರಿಮೈಂಡರ್ ಇಟ್ಟಿದ್ದೇನೆ. ಯಾವ್ಯಾವ ಸರ್ವರ್‌ನಲ್ಲಿ ಅಡ್ರೆಸ್ ಸೇರಿಸಿದ್ದಾರೆ ಅನ್ನುವ ಪಟ್ಟಿಯೂ ಅದರಲ್ಲೇ ಇದೆ.