'ಓಪನ್ ಆಫರ್ ಬಂದಿದೆ, ಎಲ್ಲ ಷೇರುಗಳನ್ನೂ ಕೊಂಡುಕೊಳ್ಳುತ್ತಾರೆ' ಎಂದು ಯಾರಾದರೂ ಫೋನ್ ಮಾಡಿದರೆ ನಂಬಬೇಡಿ

ಎಲ್ಲ ಷೇರುಗಳನ್ನೂ ಕೊಂಡುಕೊಳ್ಳುವುದಿಲ್ಲ. ಮೊದಲು ಇದೊಂದನ್ನು ಓದಿಕೊಳ್ಳಿ, ಮಿಕ್ಕದ್ದನ್ನು ಆಮೇಲೆ ಓದಿದರೂ ಆದೀತು. ಕಂಪನಿಯಲ್ಲಿ ದೊಡ್ಡ ಪಾಲು ಕೊಳ್ಳುವವರು, ನಿಮ್ಮ ಷೇರನ್ನೂ ಇಂತಿಷ್ಟು ಬೆಲೆಗೆ ಕೊಳ್ಳುತ್ತೇವೆ ಎಂದು ಉಳಿದ ಷೇರುದಾರರ ಮುಂದಿಡುವ ಪ್ರಸ್ತಾಪವೇ ಓಪನ್ ಆಫರ್. ಅದು ಬಂದರೆ ನಿಮ್ಮ ಕೈಯಲ್ಲಿರುವ ಅಷ್ಟೂ ಷೇರುಗಳಿಗೆ ಆ ಬೆಲೆ ಸಿಗುತ್ತದೆ ಎಂದು ಹೇಳುವವನು ಒಂದೋ ನಿಯಮ ತಿಳಿಯದವನು, ಇಲ್ಲವೇ ತಿಳಿದೂ ಸುಳ್ಳು ಹೇಳುವವನು. ನನಗೆ ಹೇಳಿದವನು ಎರಡನೆಯವನು ಎಂದು ಈಗ ನನಗೆ ಯಾವ ಅನುಮಾನವೂ ಇಲ್ಲ.

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಬ್ಯಾಂಕಿನಲ್ಲಿಟ್ಟಿದ್ದ ಠೇವಣಿಯ ಅವಧಿ ಮುಗಿದಿತ್ತು. ನನ್ನ ಡಿಮ್ಯಾಟ್ ಖಾತೆ ಇರುವ ಬ್ರೋಕರ್ ಕಂಪನಿಯ ರಿಲೇಶನ್‌ಶಿಪ್ ಮ್ಯಾನೇಜರ್ ಅದೇ ಸಮಯಕ್ಕೆ ಸರಿಯಾಗಿ ಫೋನ್ ಮಾಡಿದ. ಒಂದು ಲಿಸ್ಟೆಡ್ ಕಂಪನಿಯ ಪ್ರವರ್ತಕರು ತಮ್ಮ ಪಾಲನ್ನು ದೊಡ್ಡ ಸಮೂಹವೊಂದಕ್ಕೆ ಷೇರಿಗೆ 310 ರೂಪಾಯಿಯಂತೆ ಮಾರುವ ಒಪ್ಪಂದ ಮಾಡಿಕೊಂಡಿದ್ದಾರೆ, ಮಾರುಕಟ್ಟೆಯಲ್ಲಿ ಬೆಲೆ ಇನ್ನೂ 285 ಇದೆ, ಈಗ ಕೊಂಡು ಓಪನ್ ಆಫರ್‌ನಲ್ಲಿ 310ಕ್ಕೆ ಕೊಟ್ಟರೆ ಕೆಲವೇ ತಿಂಗಳಲ್ಲಿ ಷೇರಿಗೆ 25 ರೂಪಾಯಿ ಲಾಭ ಎಂದ. ನಾನು ನೇರವಾಗಿ ಕೇಳಿದೆ: "ನನ್ನ ಎಲ್ಲ ಷೇರುಗಳನ್ನೂ ತೆಗೆದುಕೊಳ್ಳುತ್ತಾರೆಯೇ?" ಅವನ ಉತ್ತರ ಇದು: "ಮೇಡಂ, ಇದು ಸೆಬಿಯ ಕಡ್ಡಾಯ ನಿಯಮ. ತೆಗೆದುಕೊಳ್ಳಲೇಬೇಕು. ಬೆಂಗಳೂರಿನ ಮೈಂಡ್‌ಟ್ರೀ ನೆನಪಿಲ್ಲವೇ? ಎಲ್‌ ಆ್ಯಂಡ್ ಟಿ 980 ಕೊಡಲಿಲ್ಲವೇ?"

ಕೊಟ್ಟದ್ದು ನಿಜ. 2019ರಲ್ಲಿ ಎಲ್‌ ಆ್ಯಂಡ್ ಟಿ ಮೈಂಡ್‌ಟ್ರೀಯಲ್ಲಿ ವಿ.ಜಿ. ಸಿದ್ಧಾರ್ಥ ಅವರ ಕಡೆಯ ಸುಮಾರು ಶೇ 20ರಷ್ಟು ಪಾಲನ್ನು 980ರ ದರದಲ್ಲಿ ಕೊಂಡಿತು, ಅದೇ ದರದಲ್ಲಿ ಓಪನ್ ಆಫರ್ ಕೂಡ ಮಾಡಿತು. ಆದರೆ ಆ ಆಫರ್ ಇದ್ದದ್ದು ಶೇ 31ರಷ್ಟು ಷೇರುಗಳಿಗೆ ಮಾತ್ರ. ಇದನ್ನು ಅವನು ಹೇಳಲಿಲ್ಲ. ಇದನ್ನು ಅವರು ಯಾರೂ ಹೇಳುವುದಿಲ್ಲ.

ನಿಯಮ ನಿಜವಾಗಿ ಹೇಳುವುದು ಇಷ್ಟು. 2011ರ ಸೆಬಿ ಸ್ವಾಧೀನ ನಿಯಮಾವಳಿಯ ಪ್ರಕಾರ, ಯಾರಾದರೂ ಲಿಸ್ಟೆಡ್ ಕಂಪನಿಯಲ್ಲಿ ಶೇ 25 ಅಥವಾ ಅದಕ್ಕಿಂತ ಹೆಚ್ಚು ಮತದ ಹಕ್ಕು ಪಡೆಯಲು ಹೊರಟರೆ, ಉಳಿದ ಷೇರುದಾರರಿಗೆ ಓಪನ್ ಆಫರ್ ಕೊಡಬೇಕು. ಆ ಆಫರ್ ಕಂಪನಿಯ ಒಟ್ಟು ಷೇರುಗಳ ಕನಿಷ್ಠ ಶೇ 26ಕ್ಕೆ ಇರಬೇಕು. ಕಡ್ಡಾಯ ಇರುವುದು ಆ ಶೇ 26ಕ್ಕೆ. ಅದಕ್ಕಿಂತ ಹೆಚ್ಚು ಷೇರುಗಳು ಬಂದರೆ ಎಲ್ಲರಿಂದಲೂ ಅನುಪಾತದ ಪ್ರಕಾರ ತೆಗೆದುಕೊಂಡು ಮಿಕ್ಕದ್ದನ್ನು ವಾಪಸ್ ಕಳಿಸುತ್ತಾರೆ. ಇದರಲ್ಲಿ ಕಾನೂನು ಮುರಿಯುವ ಪ್ರಶ್ನೆಯೇ ಇಲ್ಲ, ಕಾನೂನು ಇರುವುದೇ ಹಾಗೆ. ಸಿ. ಅಚ್ಯುತನ್ ಅಧ್ಯಕ್ಷತೆಯ ಸಮಿತಿ 2010ರಲ್ಲಿ ಉಳಿದ ಎಲ್ಲ ಷೇರುಗಳಿಗೂ, ಅಂದರೆ ಶೇ 100ಕ್ಕೂ ಆಫರ್ ಕೊಡಬೇಕೆಂದು ಶಿಫಾರಸು ಮಾಡಿತ್ತು. ಸೆಬಿ ಆ ಸಮಿತಿಯ ಹಲವು ಮಾತುಗಳನ್ನು ಒಪ್ಪಿತು, ಇದೊಂದನ್ನು ಒಪ್ಪದೆ ಶೇ 26ಕ್ಕೆ ನಿಲ್ಲಿಸಿತು. ಅದರಿಂದಾಗಿ ಪ್ರವರ್ತಕರ ಷೇರುಗಳು ಒಂದೂ ಉಳಿಯದೆ 310ಕ್ಕೆ ಮಾರಾಟವಾದವು, ನಮ್ಮಂಥವರಿಗೆ ಅನುಪಾತ. ಇದು ನ್ಯಾಯವೇ? ನನ್ನ ಪ್ರಕಾರ ಅಲ್ಲ. ಆದರೆ ಅನ್ಯಾಯ ಇದೆ ಎಂಬುದನ್ನು ಬಚ್ಚಿಟ್ಟು ಷೇರು ಕೊಳ್ಳಿಸಿದವನ ಮೇಲೆ ನನಗಿರುವ ಸಿಟ್ಟು ಇನ್ನೂ ಹೆಚ್ಚಿನದು.

ಈಗ ಲೆಕ್ಕಕ್ಕೆ ಬನ್ನಿ. ಸುಲಭವಾಗಲೆಂದು ಕಂಪನಿಯ ಅಂಕಿಗಳನ್ನು ದುಂಡಾಗಿಸಿದ್ದೇನೆ. ಒಟ್ಟು ಷೇರು 10 ಕೋಟಿ. ಪ್ರವರ್ತಕರು ಮಾರಿದ್ದು 4.9 ಕೋಟಿ. ಸಾರ್ವಜನಿಕರ ಬಳಿ ಉಳಿದದ್ದು 5.1 ಕೋಟಿ. ಆಫರ್ ಇದ್ದದ್ದು 2.6 ಕೋಟಿಗೆ. ಪ್ರತಿಯೊಬ್ಬರೂ ತಮ್ಮ ಷೇರನ್ನು ಟೆಂಡರ್ ಮಾಡಿದರೆ, ಅಂದರೆ ಆಫರ್‌ಗೆ ಒಪ್ಪಿಸಿದರೆ, ನೂರಕ್ಕೆ 51ನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ನೀವು ಖಚಿತವಾಗಿ ನಂಬಬಹುದಾದದ್ದು ಆ 51 ಮಾತ್ರ. ಅದರ ಮೇಲಿನದೆಲ್ಲ ಬೇರೆಯವರು ಎಷ್ಟು ಮಂದಿ ಟೆಂಡರ್ ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ.

ನಮ್ಮ ಆಫರ್‌ಗೆ ಬಂದದ್ದು 4.16 ಕೋಟಿ ಷೇರುಗಳು. ಅಂದರೆ ಸ್ವೀಕಾರ ಶೇ 62.5. ನಾನು 285ರಂತೆ ಕೊಂಡದ್ದು 4,000 ಷೇರು, ಹನ್ನೊಂದು ಲಕ್ಷ ನಲವತ್ತು ಸಾವಿರ ರೂಪಾಯಿ. ತೆಗೆದುಕೊಂಡದ್ದು 2,500. ವಾಪಸ್ ಬಂದದ್ದು 1,500. ಆ 2,500ರ ಮೇಲೆ ಸಿಕ್ಕ ಲಾಭ 62,500 ರೂಪಾಯಿ. ವಾಪಸ್ ಬಂದ 1,500 ಷೇರುಗಳನ್ನು ನಾನು ಮಾರುವಾಗ ಬೆಲೆ 212. ಷೇರಿಗೆ 73 ರೂಪಾಯಿಯಂತೆ 1,09,500 ನಷ್ಟ. ಲಾಭ ಕಳೆದು ನನ್ನ ಕೈಯಿಂದ ಹೋದದ್ದು 47,000. ಬ್ರೋಕರ್ ದಲ್ಲಾಳಿ ಶುಲ್ಕವನ್ನು ಮಾತ್ರ ಒಂದು ಪೈಸೆ ಬಿಡದೆ ತೆಗೆದುಕೊಂಡಿದ್ದಾನೆ.

ನನ್ನ ಹೊಟ್ಟೆ ಉರಿಯುವುದು ಆ ಹಣಕ್ಕಿಂತ ಹೆಚ್ಚಾಗಿ ಈ ಒಂದು ಫೋನ್ ಕರೆಗೆ. ಟೆಂಡರ್ ಅವಧಿ ಶುರುವಾಗುವ ಮೊದಲು ಲೆಟರ್ ಆಫ್ ಆಫರ್ ಇಮೇಲ್‌ನಲ್ಲಿ ಬಂತು. ಉದ್ದನೆಯ ದಾಖಲೆ. ಕನ್ನಡಕ ಹಾಕಿಕೊಂಡು ಕೂತು ಓದಿದೆ. ಒಂದು ಕಡೆ, ಆಫರ್ ಗಾತ್ರಕ್ಕಿಂತ ಹೆಚ್ಚು ಷೇರು ಬಂದರೆ ಅನುಪಾತದ ಆಧಾರದ ಮೇಲೆ ಸ್ವೀಕರಿಸಲಾಗುವುದು ಎಂಬ ವಾಕ್ಯ ಇತ್ತು. ತಕ್ಷಣ ಅವನಿಗೆ ಫೋನ್ ಮಾಡಿ ಆ ವಾಕ್ಯವನ್ನು ಓದಿ ಹೇಳಿದೆ. "ಅದು ಫಾರ್ಮ್ಯಾಟ್ ಮೇಡಂ, ಎಲ್ಲ ಲೆಟರ್‌ಗಳಲ್ಲೂ ಇರುತ್ತದೆ, ವಕೀಲರು ಹಾಕುವುದು. ನೀವು ಟೀಚರ್ ಆಗಿದ್ದವರು, ಒಂದೊಂದು ಅಕ್ಷರವನ್ನೂ ಓದುತ್ತೀರಿ" ಎಂದು ನಕ್ಕ. ನಕ್ಕ! ಆ ದಿನ ಮಾರುಕಟ್ಟೆಯಲ್ಲಿ ಬೆಲೆ ಇನ್ನೂ 288 ಇತ್ತು. ಆ ದಿನ ಅವನು ನಿಜ ಹೇಳಿದ್ದರೆ ಅಷ್ಟೂ ಷೇರುಗಳನ್ನು ಮಾರಿ ಸಣ್ಣ ಲಾಭದಲ್ಲೇ ಹೊರಗೆ ಬರುತ್ತಿದ್ದೆ. ಆ ವಾಕ್ಯ ಎಲ್ಲ ಲೆಟರ್‌ಗಳಲ್ಲೂ ಇರುವುದು ಅದು ಎಲ್ಲರಿಗೂ ಅನ್ವಯಿಸುತ್ತದೆ ಎಂಬ ಕಾರಣಕ್ಕೆ.

ಒಮ್ಮೆ ಟೆಂಡರ್ ಮಾಡಿದ ಮೇಲೆ ಹಿಂದಕ್ಕೆ ಪಡೆಯುವ ಹಾಗಿಲ್ಲ, ಇದನ್ನೂ ತಿಳಿದುಕೊಳ್ಳಿ. ಷೇರುಗಳು ನಿಮ್ಮ ಡಿಮ್ಯಾಟ್ ಖಾತೆಯಲ್ಲೇ ಕಾಣುತ್ತಿರುತ್ತವೆ, ಆದರೆ ಅವುಗಳ ಮೇಲೆ ಲೀನ್ ಬಿದ್ದಿರುತ್ತದೆ, ಮಾರಲು ಆಗದು. ಟೆಂಡರ್ ಅವಧಿ ಹತ್ತು ಕೆಲಸದ ದಿನ. ಅದು ಮುಗಿದ ಮೇಲೆ ಹಣ ಪಾವತಿಗೆ ಮತ್ತೆ ಹತ್ತು ಕೆಲಸದ ದಿನಗಳವರೆಗೆ ಸಮಯ ಇದೆ. ಅವಧಿ ಮುಗಿದ ಮರುದಿನವೇ ಬೆಲೆ ಜಾರತೊಡಗಿತು. ಜಾರದೆ ಇನ್ನೇನು? ಅಲ್ಲಿಯವರೆಗೆ ಬೆಲೆಯನ್ನು ಹಿಡಿದು ನಿಲ್ಲಿಸಿದ್ದೇ 310ರ ಆಫರ್. ಮೊಬೈಲ್‌ನಲ್ಲಿ 270, 255, 240 ಎಂದು ಇಳಿಯುವುದನ್ನು ನೋಡುತ್ತಾ ಕೂತೆ, ಮಾರುವ ಗುಂಡಿ ಒತ್ತಿದರೆ ಷೇರು ಲಭ್ಯವಿಲ್ಲ ಎಂದು ಬರುತ್ತಿತ್ತು. ಲೀನ್ ತೆಗೆದ ದಿನ ನನ್ನಂತೆಯೇ ವಾಪಸ್ ಪಡೆದ ಎಲ್ಲರೂ, ದೊಡ್ಡ ದೊಡ್ಡ ಟ್ರೇಡರ್‌ಗಳೂ ಸೇರಿ, ಒಟ್ಟಿಗೆ ಮಾರಲು ನಿಂತರು. ಹಾಗಾಗಿ 212.

ಇನ್ನೂ ಒಂದು ಮಾತು. 310 ಖಾತ್ರಿಯಾಗಿ ಸಿಗುವುದಾದರೆ ಅಷ್ಟು ವಾರ ಬೆಲೆ 285ರ ಆಸುಪಾಸಿನಲ್ಲೇ ಯಾಕೆ ಕೂತಿತ್ತು? ಆ 25 ರೂಪಾಯಿಯ ಅಂತರದಲ್ಲಿ ಸ್ವಲ್ಪ ಭಾಗ ಕಾಯುವ ಸಮಯದ ಬಡ್ಡಿ. ಮಿಕ್ಕದ್ದು, ಷೇರು ವಾಪಸ್ ಬರುತ್ತದೆ, ಬಂದಾಗ ಬೆಲೆ ಬಿದ್ದಿರುತ್ತದೆ ಎಂಬ ಲೆಕ್ಕ. ಮಾರುಕಟ್ಟೆಯಲ್ಲಿ ಇರುವವರಿಗೆ ಅದು ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಷೇರು ವಾಪಸ್ ಬಂದ ದಿನ ಮತ್ತೆ ಫೋನ್ ಮಾಡಿದೆ. ಆಗಲೂ ಅವನ ಬಾಯಿಂದ ಬಂದದ್ದು ಇನ್ನೊಂದು ಸುಳ್ಳು. "ಮಾರಬೇಡಿ ಮೇಡಂ, 26 ವಾರದ ನಿಯಮ ಇದೆ, ಅವರು ಮುಂದೆ ಹೆಚ್ಚಿಗೆ ಕೊಟ್ಟು ಕೊಂಡರೆ ನಿಮಗೂ ವ್ಯತ್ಯಾಸ ಕೊಡಬೇಕು" ಎಂದ. 26 ವಾರದ ನಿಯಮ ಇರುವುದು ನಿಜ. ಟೆಂಡರ್ ಅವಧಿ ಮುಗಿದ 26 ವಾರಗಳೊಳಗೆ ಸ್ವಾಧೀನದಾರ ಆಫರ್ ಬೆಲೆಗಿಂತ ಹೆಚ್ಚು ಕೊಟ್ಟು ಷೇರು ಕೊಂಡರೆ ವ್ಯತ್ಯಾಸ ಕೊಡಬೇಕು. ಯಾರಿಗೆ? ಆಫರ್‌ನಲ್ಲಿ ಯಾರ ಷೇರುಗಳನ್ನು ಸ್ವೀಕರಿಸಿದರೋ ಅವರಿಗೆ, ಆ ಷೇರುಗಳ ಲೆಕ್ಕಕ್ಕೆ ಮಾತ್ರ. ಎನ್‌ಡಿಟಿವಿ ವಿಷಯದಲ್ಲಿ ಇದು ನಡೆದದ್ದನ್ನು ನೋಡಿದ್ದೇವೆ: ಅದಾನಿ ಸಮೂಹ 2022ರ ಓಪನ್ ಆಫರ್‌ನಲ್ಲಿ 294 ರೂಪಾಯಿ ಕೊಟ್ಟಿತು, ಆಮೇಲೆ ಸ್ಥಾಪಕರ ಷೇರುಗಳನ್ನು 342.65ಕ್ಕೆ ಕೊಂಡಿತು, ಆಗ ಆಫರ್‌ನಲ್ಲಿ ಷೇರು ಕೊಟ್ಟವರಿಗೆ ತಲಾ ಷೇರಿಗೆ 48.65 ರೂಪಾಯಿ ಹೆಚ್ಚುವರಿಯಾಗಿ ಕೊಡಬೇಕಾಯಿತು. ವಾಪಸ್ ಬಂದ ಷೇರನ್ನು ಹಿಡಿದು ಕೂತರೆ ಈ ನಿಯಮದಿಂದ ಒಂದು ರೂಪಾಯಿಯೂ ಬರುವುದಿಲ್ಲ. ಸ್ವಾಧೀನದಾರ ಷೇರುಪೇಟೆಯಲ್ಲಿ ಎಲ್ಲರಂತೆ ಮಾಮೂಲಿಯಾಗಿ ಕೊಂಡ ಷೇರುಗಳಿಗೂ ಇದು ಅನ್ವಯಿಸುವುದಿಲ್ಲ. ನನ್ನ ವಿಷಯದಲ್ಲಿ ಪ್ರವರ್ತಕರು ಆಗಲೇ ಪೂರ್ತಿ ಮಾರಿ ಹೋಗಿದ್ದರು. ಇನ್ನು ಹೆಚ್ಚು ಬೆಲೆ ಕೊಟ್ಟು ಯಾರಿಂದ ಕೊಳ್ಳಬೇಕಿತ್ತು?

ಆ ಮಾತನ್ನು ನಾನು ನಂಬಲಿಲ್ಲ, ಆ ದಿನವೇ ಮಾರಿದೆ. ಬ್ರೋಕರ್ ಕಂಪನಿಗೆ ಲಿಖಿತ ದೂರು ಕೊಟ್ಟೆ. ಬಂದ ಉತ್ತರ: "ನಮ್ಮ ಪ್ರತಿನಿಧಿ ಮಾಹಿತಿ ಮಾತ್ರ ನೀಡಿದ್ದಾರೆ. ಹೂಡಿಕೆಯ ನಿರ್ಧಾರ ಗ್ರಾಹಕರದ್ದು. ಸಂಬಂಧಿತ ಕರೆಗಳ ಧ್ವನಿಮುದ್ರಣ ಲಭ್ಯವಿಲ್ಲ." ಲಭ್ಯವಿಲ್ಲ, ಯಾಕೆಂದರೆ ಅವನು ಮಾತಾಡಿದ್ದೆಲ್ಲ ತನ್ನ ಸ್ವಂತ ಮೊಬೈಲ್‌ನಿಂದ. ವಾಟ್ಸ್‌ಆ್ಯಪ್‌ನಲ್ಲಿ '310 ಗ್ಯಾರಂಟಿ' ಎಂದು ಅವನು ಬರೆದಿದ್ದ ಜಾಗದಲ್ಲಿ ಈಗ, ಸಂದೇಶವನ್ನು ಅಳಿಸಲಾಗಿದೆ ಎಂಬ ಸಾಲು ಇದೆ. ಖಾತ್ರಿ ಲಾಭದ ಭರವಸೆ ಕೊಡುವುದನ್ನೇ ಸೆಬಿ ನಿಷೇಧಿಸಿದೆ ಎಂದು ಬರೆದು ಕೇಳಿದ್ದಕ್ಕೆ ಅದೇ ಮೂರು ವಾಕ್ಯ ಮತ್ತೆ ಬಂತು, ಒಂದು ಅಕ್ಷರವೂ ಬದಲಾಗದೆ.

ಈಗ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ದಾಖಲಿಸಿದ್ದೇನೆ.

ನಿಮಗೆ ಇಂಥ ಕರೆ ಬಂದರೆ ಎರಡೇ ಅಂಕಿ ಕೇಳಿ: ಆಫರ್ ಎಷ್ಟು ಷೇರಿಗೆ, ಸಾರ್ವಜನಿಕರ ಬಳಿ ಇರುವ ಷೇರು ಎಷ್ಟು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಅಷ್ಟಕ್ಕೆ ಮಾತ್ರ ಆ ಬೆಲೆ ಖಚಿತ, ಉಳಿದದ್ದು ಬಿದ್ದ ಬೆಲೆಗೆ ನಿಮ್ಮ ತಲೆಯ ಮೇಲೆ. ಉತ್ತರವನ್ನು ಕಂಪನಿಯ ಇಮೇಲ್‌ನಿಂದಲೇ ಕಳಿಸಲು ಹೇಳಿ, ಸ್ವಂತ ಮೊಬೈಲ್‌ನಿಂದ ಬಂದ ಯಾವ ಮಾತನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ವಾಟ್ಸ್‌ಆ್ಯಪ್ ಸಂದೇಶ ಬಂದ ಕೂಡಲೇ ಚಿತ್ರ ತೆಗೆದಿಟ್ಟುಕೊಳ್ಳಿ. ನನ್ನ ಜೊತೆ ಕೆಲಸ ಮಾಡಿದ್ದ ಇನ್ನೊಬ್ಬ ಶಿಕ್ಷಕಿಗೆ ಕಳೆದ ವಾರ ಇದೇ ಮನುಷ್ಯ ಫೋನ್ ಮಾಡಿದ್ದಾನೆ, ಬೇರೆ ಕಂಪನಿ, ಬೇರೆ ಓಪನ್ ಆಫರ್, ಮಾತು ಮಾತ್ರ ಅದೇ: "ತೆಗೆದುಕೊಳ್ಳಲೇಬೇಕು ಮೇಡಂ, ಕಡ್ಡಾಯ." ಅವರು ಕೊಳ್ಳಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇದೇ ರೀತಿಯ ಸಂದೇಶ ಬಂದಿದ್ದು ಅದು ಇನ್ನೂ ಅಳಿಸದೆ ಉಳಿದಿದ್ದರೆ ದಯವಿಟ್ಟು ತಿಳಿಸಿ, ನನ್ನ ದೂರಿನ ಜೊತೆ ಸೇರಿಸುತ್ತೇನೆ.