ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್: ಜೆಸಿಬಿಯೋ, ಕೈಯಿಂದ ಬಿಚ್ಚಿಸೋದೋ?

ಬೆಳಗಾವಿಯ ಹಳೆ ಹೆಂಚಿನ ಮನೆ ಕೆಡವಿ ಫ್ಲ್ಯಾಟ್ ಕಟ್ಟುವವರಿಗೆ ಮೊದಲ ಪ್ರಶ್ನೆ ಇದೇ.

ಜೆಸಿಬಿ ಬೇಗ ಮುಗಿಸುತ್ತದೆ. ಆದರೆ ಹೆಂಚು, ಕಟ್ಟಿಗೆ, ಇಟ್ಟಿಗೆ, ಮಣ್ಣು ಎಲ್ಲ ಒಂದೇ ರಾಶಿ. ಆಮೇಲೆ ಆರಿಸೋಕೆ ಕೂಲಿ ಕೊಟ್ಟರೂ ಅರ್ಧ ಪುಡಿಯಾಗಿರುತ್ತದೆ. ಕಟ್ಟಿಗೆ ಚೂರು ಬೆರೆತ ರಾಶಿಯನ್ನು ಪಾಯದೊಳಗೆ ತುಂಬಲೇಬಾರದು. ಕಟ್ಟಿಗೆ ಕೊಳೆತಾಗ ನೆಲ ಕುಸಿಯುತ್ತದೆ.

ಕೈಯಿಂದ ಬಿಚ್ಚಿಸಿದರೆ ದಿನ ಜಾಸ್ತಿ ಹಿಡಿಯುತ್ತದೆ. ಮೊದಲು ಹೆಂಚು, ಆಮೇಲೆ ತೊಲೆ-ಬಾಗಿಲು, ಕೊನೆಗೆ ಗೋಡೆ. ಇದು ಲಾಭವೋ ಅಲ್ಲವೋ ಅಂತ ಗೋಡೆಯ ಗಾರೆ ಹೇಳುತ್ತದೆ. ಒಂದು ಇಟ್ಟಿಗೆ ಕಿತ್ತು ನೋಡಿ. ಮಣ್ಣಿನ ಗಾರೆಯಾದರೆ ಕೆರೆದರೆ ಸಾಕು, ಇಡೀ ಇಟ್ಟಿಗೆ ಸಿಗುತ್ತದೆ, ಕಾಂಪೌಂಡಿಗೆ ಬಳಸಬಹುದು. ಸಿಮೆಂಟ್ ಗಾರೆಯಾದರೆ ಇಟ್ಟಿಗೆಯೇ ಒಡೆಯುತ್ತದೆ. ಅಂಥ ಗೋಡೆಗೆ ಜೆಸಿಬಿಯೇ ಸರಿ, ಆದರೆ ಹೆಂಚು-ಕಟ್ಟಿಗೆ ಇಳಿಸಿದ ಮೇಲೆ.

ಲೆಕ್ಕದಲ್ಲೂ ವ್ಯತ್ಯಾಸ ಇದೆ. ಒಂದು ಬ್ರಾಸ್ ಅಂದರೆ 100 ಘನ ಅಡಿ. 20 ಬ್ರಾಸ್ ಗೋಡೆ ಒಡೆದಾಗ ಉಬ್ಬಿ ಸುಮಾರು 28 ಬ್ರಾಸ್ ಆಗುತ್ತದೆ. 8 ಬ್ರಾಸ್ ಸೈಟಿನಲ್ಲೇ ಉಳಿದರೆ, ಒಂದು ಬ್ರಾಸ್ ಹಿಡಿಯುವ ಟ್ರ್ಯಾಲಿಗೆ 20 ಟ್ರಿಪ್. ಪ್ರತಿ ಟ್ರಿಪ್ಪಿಗೂ ಒಂದು ಚೀಟಿ, ಅದರಲ್ಲಿ ತಾರೀಖು, ಗಾಡಿ ನಂಬರ್, ಏನು ಮಾಲು, ಎಲ್ಲಿ ಇಳಿಸಿದರು, ಇಳಿಸಿಕೊಂಡವರ ಸಹಿ ಇರಲಿ. 12 ಚೀಟಿ ಮಾತ್ರ ಬಂದರೆ ಉಳಿದದ್ದು ಯಾವುದೋ ನಾಲಾಕ್ಕೆ ಬಿದ್ದಿರಬಹುದು, ಅಲ್ವಾ? ಬೆರಕೆ ರಾಶಿಯಲ್ಲಿ ‘ಏನು ಮಾಲು’ ಅನ್ನೋ ಕಾಲಂ ತುಂಬೋದೇ ಕಷ್ಟ.

ದೊಡ್ಡ ಯೋಜನೆಗಳಿಗೆ 2016ರ ಕಟ್ಟಡ ತ್ಯಾಜ್ಯ ನಿಯಮಗಳು ಕೇಳಿದ್ದೂ ಕಾಂಕ್ರೀಟ್, ಮಣ್ಣು, ಇಟ್ಟಿಗೆ-ಗಾರೆ, ಕಬ್ಬಿಣ-ಕಟ್ಟಿಗೆ-ಪ್ಲಾಸ್ಟಿಕ್ ಅಂತ ನಾಲ್ಕು ರಾಶಿ. ಜಾಗ ಚಿಕ್ಕದಿದ್ದರೆ ಒಂದೊಂದನ್ನೇ ಕಳಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ.